ಕಲ್ಲಿನಲ್ಲಿ ಬರೆದಿಲ್ಲದ 345

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕೇಳಿದರು. ನನಗೆ ಮೊದಲು ನೆನಪಾದದ್ದು ಒಂದು ಪ್ರಶ್ನೆ. ನಾನು ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ ಪ್ರಶ್ನೆ ಅದು. ಅಂದು ನಾನು ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಬೇಕೆಂದಿದ್ದೇನೆ.

ಅಂದು ಪಾಠ ಬನವಾಸಿಯ ಕದಂಬರದು. ವರ್ಷಕ್ಕೊಮ್ಮೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಮಯೂರಶರ್ಮನೆಂಬ ಬ್ರಾಹ್ಮಣ ಯುವಕ ವೇದಾಧ್ಯಯನಕ್ಕೆ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು 345ರಲ್ಲಿ ರಾಜ್ಯ ಕಟ್ಟಿದ. "ಇದೆಲ್ಲ ತಾಳಗುಂದದ ಕಲ್ಲಿನಲ್ಲಿ ಕೆತ್ತಿದೆ, ಕಲ್ಲು ಸುಳ್ಳು ಹೇಳುವುದಿಲ್ಲ" ಎಂದು ಪಾಠ ಮುಗಿಸಿದೆ. ಆಗ ಆ ಹುಡುಗ ಎದ್ದು ನಿಂತು, "ಸರ, 345 ಅಂತ ಕಲ್ಲಾಗ ಬರದೈತೇನ್ರಿ?" ಎಂದ.

"ಹೌದಪ್ಪ, ಅದಕ್ಕೇ ಪುಸ್ತಕದಾಗ ಹಾಕ್ಯಾರ, ಕೂಡು" ಎಂದೆ. ಅವನು ಕುಳಿತ. ಆದರೆ ಆ ರಾತ್ರಿ ನನಗೆ ಸಮಾಧಾನವಾಗಲಿಲ್ಲ. ತಾಳಗುಂದದ ಶಾಸನವನ್ನು ನಾನು ಒಂದು ಸಲವೂ ಪೂರ್ತಿ ಓದಿರಲಿಲ್ಲ. ಪಠ್ಯಪುಸ್ತಕವನ್ನು ಓದಿದ್ದೆ, ಅಷ್ಟೆ.

ಮುಂದಿನ ರಜೆಯಲ್ಲಿ ತಾಳಗುಂದಕ್ಕೆ ಹೋದೆ. ಶಿಕಾರಿಪುರ ತಾಲ್ಲೂಕಿನ, ಶಿರಾಳಕೊಪ್ಪದ ಹತ್ತಿರದ ಆ ಊರಿನಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಕಂಬ ನಿಂತಿದೆ. ಅಕ್ಷರಗಳ ಸಾಲುಗಳು ಕಂಬದ ಉದ್ದಕ್ಕೆ, ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಭಾಷೆ ಸಂಸ್ಕೃತ, ಪದ್ಯರೂಪ. ಒಂದೊಂದು ಅಕ್ಷರದ ತಲೆಯ ಮೇಲೂ ಪುಟ್ಟ ಪೆಟ್ಟಿಗೆಯಂತಹ ಗುರುತು. ನನಗೆ ಒಂದು ಅಕ್ಷರವೂ ಓದಲು ಬರಲಿಲ್ಲ. ಆಮೇಲೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅದರ ಪಾಠವನ್ನೂ ಅನುವಾದವನ್ನೂ ಹುಡುಕಿ ಸಾಲು ಸಾಲಾಗಿ ನೋಡಿದೆ. ಕಂಚಿ ಇತ್ತು, ಜಗಳ ಇತ್ತು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದೂ ಇತ್ತು. 345 ಇರಲಿಲ್ಲ. ಶಕವರ್ಷ ಇರಲಿಲ್ಲ, ಸಂವತ್ಸರ ಇರಲಿಲ್ಲ, ಯಾವ ಕಾಲವೂ ಇರಲಿಲ್ಲ.

ಅದಕ್ಕಿಂತ ಹೆಚ್ಚು ನನ್ನನ್ನು ತಡೆದು ನಿಲ್ಲಿಸಿದ ವಿಷಯ ಬೇರೆ. ಆ ಕಂಬವನ್ನು ನಿಲ್ಲಿಸಿದವನು ಮಯೂರಶರ್ಮನಲ್ಲ. ಅವನ ಮಗ ಕಂಗವರ್ಮ, ಕಂಗವರ್ಮನ ಮಗ ಭಗೀರಥ, ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥವರ್ಮ, ಕಾಕುಸ್ಥನ ಮಗ ಶಾಂತಿವರ್ಮ. ಈ ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿ ಆ ಕಾವ್ಯವನ್ನು ರಚಿಸಿ ಕಲ್ಲಿನ ಮೇಲೆ ಬರೆದ. ಎಂದರೆ ಕಂಚಿಯ ಜಗಳಕ್ಕೂ ಈ ಬರಹಕ್ಕೂ ನಡುವೆ ನಾಲ್ಕು ತಲೆಮಾರು ಕಳೆದಿವೆ. ನಮ್ಮ ಮುತ್ತಜ್ಜನ ತಂದೆ ಯಾರೊಡನೆ, ಯಾಕೆ ಜಗಳವಾಡಿದನೆಂದು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಹೇಳಿದರೂ ನಮ್ಮ ಮನೆಯವನದೇ ತಪ್ಪೆಂದು ಹೇಳುತ್ತೇವೆಯೆ? ಕುಬ್ಜನಿಗೆ ಅನ್ನ ಹಾಕುತ್ತಿದ್ದವನು ಮಯೂರಶರ್ಮನ ವಂಶದವನು. ಪಲ್ಲವರ ಕಡೆಯ ಸವಾರನ ಮಾತನ್ನು ಯಾರೂ ಕಲ್ಲಿನಲ್ಲಿ ಬರೆಸಲಿಲ್ಲ.

ಹಾಗಾದರೆ ಆ ಶಾಸನ ಸುಳ್ಳೇ? ಅಲ್ಲ. ಕಲ್ಲಿಗೆ ನಾವು ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಅದರ ಸಾಕ್ಷಿಯ ಬೆಲೆ ನಿಂತಿದೆ. ನಾನು ಕೊನೆಗೆ ಕಲಿತದ್ದು ಇದು: ಶಾಸನ ತನ್ನ ಹಿಂದಿನ ಕಾಲದ ಬಗ್ಗೆ ಹೇಳುವುದು ಕಥೆ, ತನ್ನನ್ನು ಬರೆಸಿದವನ ಬಗ್ಗೆ ಹೇಳುವುದು ಹೊಗಳಿಕೆ, ತನ್ನ ಕಾಲದ ಬಗ್ಗೆ ತಿಳಿಯದೆಯೇ ಬಿಟ್ಟುಕೊಡುವುದು ಸಾಕ್ಷಿ. ಈ ಮೂರೂ ಒಂದೇ ಕಲ್ಲಿನ ಮೇಲೆ, ಕೆಲವೊಮ್ಮೆ ಒಂದೇ ಸಾಲಿನಲ್ಲಿ ಇರುತ್ತವೆ. ಬೇರೆ ಬೇರೆ ಮಾಡಿಕೊಳ್ಳುವುದು ಓದುವವನ ಕೆಲಸ.

ತಾಳಗುಂದದ ಕಂಬವನ್ನೇ ಹೀಗೆ ಬೇರ್ಪಡಿಸಿ ನೋಡೋಣ. ಸವಾರನೊಡನೆ ಜಗಳವಾದದ್ದು ಮನೆತನದ ಕಥೆ, ನಡೆದಿರಬಹುದು, ನಡೆದಿರಲಿಕ್ಕಿಲ್ಲ. ಆದರೆ ಕಥೆ ಹೇಳುವ ಭರದಲ್ಲಿ ಕವಿ ಕೆಲವು ಸಂಗತಿಗಳನ್ನು ಸಹಜವಾಗಿ ಬಿಟ್ಟುಕೊಡುತ್ತಾನೆ. ಕನ್ನಡನಾಡಿನ ಹುಡುಗನೊಬ್ಬ ಗುರುವಿನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಎಂದರೆ ಕೇಳುವವರಿಗೆ ಅದು ವಿಚಿತ್ರವೆನಿಸುತ್ತಿರಲಿಲ್ಲ. ಆದ್ದರಿಂದ ಕಂಚಿ ಆಗ ದೊಡ್ಡ ವಿದ್ಯಾಕೇಂದ್ರವೆಂದು ಇಲ್ಲಿಯವರಿಗೆ ಗೊತ್ತಿತ್ತು. ಮಯೂರಶರ್ಮ ಮೊದಲು ಪಲ್ಲವರ ಗಡಿ ಕಾಯುವವರನ್ನು ಸೋಲಿಸಿದ, ಶ್ರೀಪರ್ವತದ ಕಡೆಯ ಕಾಡನ್ನು ಹಿಡಿದ, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ಪಡೆದ, ಕೊನೆಗೆ ಪಲ್ಲವರೇ ಅವನೊಡನೆ ಒಪ್ಪಂದ ಮಾಡಿಕೊಂಡು ಪಶ್ಚಿಮ ಸಮುದ್ರದ ಕಡೆಯ ನಾಡನ್ನು ಬಿಟ್ಟುಕೊಟ್ಟರು ಎಂದು ಶಾಸನ ಹೇಳುತ್ತದೆ. ಹೊಗಳುವ ಕವಿ ಬೇಕಿದ್ದರೆ ತನ್ನ ಮೂಲಪುರುಷ ಕಂಚಿಯನ್ನೇ ಗೆದ್ದನೆಂದು ಬರೆಯಬಹುದಿತ್ತು. ಬರೆಯಲಿಲ್ಲ. ಕಾಡು ಹಿಡಿದು ಕಾಡಿದ, ಆಮೇಲೆ ರಾಜಿಯಾಯಿತು ಎಂದು ಬರೆದ. ಹೊಗಳಿಕೆಯ ನಡುವೆ ಹೀಗೆ ಹಿಡಿತವಿಟ್ಟು ಆಡಿದ ಮಾತು ಹೆಚ್ಚು ನಂಬಿಕೆಗೆ ಅರ್ಹ. ಹೊಗಳುವವನು ತನ್ನ ಧಣಿಗೆ ಲಾಭವಿಲ್ಲದ ಮಾತನ್ನು ಹೇಳಿದಾಗ ಕಿವಿಗೊಡಬೇಕು.

ಇನ್ನೊಂದು ಸಂಗತಿ. ಆ ಕಂಬ ನಿಂತದ್ದು ಯಾವ ಕೆಲಸಕ್ಕೆ? ಗುಡಿಗೆ ನೀರಿನ ಅನುಕೂಲವಾಗಲೆಂದು ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ದಾಖಲೆಗಾಗಿ. ಜಗಳ, ಕತ್ತಿ, ರಾಜ್ಯ ಎಲ್ಲ ಪೀಠಿಕೆ. ನಾನು ಇಷ್ಟು ವರ್ಷ ಪೀಠಿಕೆಯನ್ನು ಕಲಿಸಿ ಕೆರೆಯನ್ನು ಬಿಟ್ಟಿದ್ದೆ. ಆ ಗುಡಿಯಲ್ಲಿ ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜೆ ಸಲ್ಲಿಸಿದ್ದರೆಂದೂ ಶಾಸನ ಹೇಳುತ್ತದೆ. ಆದ್ದರಿಂದ ಕದಂಬರಿಗಿಂತ ಹಿಂದೆ ಈ ನಾಡನ್ನು ಆಳಿದವರ ಹೆಸರು ಶಾಂತಿವರ್ಮನ ಕಾಲದ ಜನರ ನೆನಪಿನಲ್ಲಿ ಇನ್ನೂ ಉಳಿದಿತ್ತು.

ಈಗ 345ಕ್ಕೆ ಬರುತ್ತೇನೆ. ಕಲ್ಲಿನಲ್ಲಿಲ್ಲದ ಅಂಕಿ ಪುಸ್ತಕಕ್ಕೆ ಹೇಗೆ ಬಂತು? ಹುಡುಗನ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಲೆಕ್ಕ ಕಷ್ಟದ್ದಲ್ಲ.

ಕಾಲ ಬರೆಯದ ಶಾಸನಕ್ಕೆ ಕಾಲ ಕಟ್ಟಬೇಕಾದರೆ ಕಾಲ ಗೊತ್ತಿರುವ ಗೂಟವೊಂದು ಬೇಕು. ತಾಳಗುಂದದ ಶಾಸನದಲ್ಲಿ ಅಂಥ ಗೂಟ ಒಂದು ಸಿಗುತ್ತದೆ: ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟ ಎಂಬ ಮಾತು. ಉತ್ತರದ ಗುಪ್ತರು ತಮ್ಮದೇ ಶಕೆಯನ್ನು ಬಳಸಿದರು. ಅದು ಕ್ರಿ.ಶ. 319-20ರಿಂದ ಎಣಿಕೆಯಾಗುತ್ತದೆ. ಅವರ ಅರಸರ ಕಾಲ ನಮಗೆ ಸಾಕಷ್ಟು ಖಚಿತವಾಗಿ ಗೊತ್ತು. ಅವರು ದಕ್ಷಿಣದ ಅರಸರೊಡನೆ ನೆಂಟಸ್ತನ ಬೆಳೆಸುವಷ್ಟು ಪ್ರಬಲರಾಗಿದ್ದದ್ದು ನಾಲ್ಕನೆಯ ಶತಮಾನದ ಕೊನೆ ಮತ್ತು ಐದನೆಯ ಶತಮಾನದಲ್ಲಿ. ಆದ್ದರಿಂದ ಕಾಕುಸ್ಥವರ್ಮನನ್ನು ಸುಮಾರು 420ರ ಆಸುಪಾಸಿಗೆ ಇಡೋಣ. ಅಲ್ಲಿಂದ ಹಿಂದಕ್ಕೆ ಭಗೀರಥ, ಕಂಗವರ್ಮ, ಮಯೂರಶರ್ಮ ಎಂದು ಮೂರು ತಲೆಮಾರು ಎಣಿಸಬೇಕು. ತಲೆಮಾರಿಗೆ 25 ವರ್ಷ ಹಿಡಿದರೆ 75 ವರ್ಷ. 420ರಲ್ಲಿ 75 ಕಳೆದರೆ 345.

ಅಷ್ಟೆ. ಆದರೆ ತಲೆಮಾರಿಗೆ 20 ವರ್ಷ ಹಿಡಿದರೆ 360 ಆಗುತ್ತದೆ, 30 ಹಿಡಿದರೆ 330. ಕಾಕುಸ್ಥನನ್ನು ಹತ್ತು ವರ್ಷ ಆಚೀಚೆ ಸರಿಸಿದರೆ ಎಲ್ಲವೂ ಹತ್ತು ವರ್ಷ ಸರಿಯುತ್ತದೆ. ಬೇರೆ ಬೇರೆ ಪುಸ್ತಕಗಳಲ್ಲಿ ಮಯೂರಶರ್ಮನಿಗೆ 325, 345, 360 ಎಂದು ಬೇರೆ ಬೇರೆ ವರ್ಷ ಕಂಡಾಗ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಒಂದು ಸರಿ, ಉಳಿದವು ತಪ್ಪು ಎಂದಲ್ಲ. ಒಂದೇ ಪುರಾವೆಯ ಮೇಲೆ ಬೇರೆ ಬೇರೆ ಅಂದಾಜು ಹಾಕಿದ್ದಾರೆ. 345ರ ಹಿಂದೆ 'ಸುಮಾರು' ಎಂಬ ಪದವಿರಬೇಕು. ನಾನು ಕರಿಹಲಗೆಯ ಮೇಲೆ ಬರೆಯುವಾಗ ಬಿಟ್ಟದ್ದು ಆ ಒಂದು ಪದವನ್ನು.

ಈ ಅಂದಾಜನ್ನು ಒರೆಗೆ ಹಚ್ಚಲು ಇನ್ನೊಂದು ಸಾಕ್ಷಿ ಬೇಕು. ಅದು ಕಲ್ಲಲ್ಲ, ತಾಮ್ರಪಟ. ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿ ಸಿಕ್ಕ ತಾಮ್ರಪಟವೊಂದು ಇದೇ ಕಾಕುಸ್ಥವರ್ಮನದು. ಆಗ ಅವನು ಇನ್ನೂ ಯುವರಾಜ. ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲ ಕೊಟ್ಟ ದಾಖಲೆ ಅದು. ಅದರಲ್ಲಿ ಒಂದು ಅಂಕಿ ಇದೆ: ಎಂಬತ್ತನೆಯ ವರ್ಷ. ಸಿಕ್ಕಿತಲ್ಲ ಎಂದು ಹಿಗ್ಗುವ ಹಾಗಿಲ್ಲ, ಎಂಬತ್ತು ಯಾವುದರಿಂದ? ಯುವರಾಜನಾಗಿದ್ದವನಿಗೆ ಎಂಬತ್ತು ವರ್ಷದ ಆಳ್ವಿಕೆ ಇರಲು ಸಾಧ್ಯವಿಲ್ಲ. ಕದಂಬರ ರಾಜ್ಯ ಹುಟ್ಟಿದಾಗಿನಿಂದ ಎಂದರೆ, ಮಯೂರಶರ್ಮನಿಂದ ಕಾಕುಸ್ಥನವರೆಗೆ ಎಂಬತ್ತು ವರ್ಷ. ನಮ್ಮ 75ರ ಅಂದಾಜಿಗೆ ಇದು ಹತ್ತಿರ ಬರುತ್ತದೆ. ಕೆಲವರು ಇದನ್ನು ಗುಪ್ತಶಕೆಯ ಎಂಬತ್ತು ಎನ್ನುತ್ತಾರೆ. ಆಗ 399-400 ಆಗುತ್ತದೆ, ಮಯೂರಶರ್ಮ ಇನ್ನೂ ಹಿಂದಕ್ಕೆ, 325ರ ಕಡೆಗೆ ಸರಿಯುತ್ತಾನೆ. ಎರಡೂ ಓದುಗಳಿಗೆ ಕಾರಣಗಳಿವೆ. ಇತಿಹಾಸದ ಪ್ರಾಮಾಣಿಕತೆ ಇರುವುದು ಒಂದನ್ನು ಆರಿಸಿಕೊಂಡು ಗಟ್ಟಿಯಾಗಿ ಹೇಳುವುದರಲ್ಲಲ್ಲ, ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಅಲುಗಾಡಬಹುದು ಎಂದು ತೋರಿಸುವುದರಲ್ಲಿ.

ಹಾಗಾದರೆ ಕನ್ನಡನಾಡಿನಲ್ಲಿ ಅಲುಗಾಡದ ವರ್ಷ ಯಾವಾಗ ಸಿಗುತ್ತದೆ? ಬಾದಾಮಿಯ ಬಂಡೆಯ ಮೇಲೆ. ಚಾಲುಕ್ಯರ ಒಂದನೆಯ ಪುಲಕೇಶಿ ಅಲ್ಲಿ ಕೋಟೆ ಕಟ್ಟಿಸಿದ ಶಾಸನದಲ್ಲಿ ಶಕವರ್ಷ 465 ಎಂದು ಸ್ಪಷ್ಟವಾಗಿದೆ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 543. ಅಲ್ಲಿಂದ ಈಚಿನ ಕಾಲ ನಮಗೆ ಬಿಗಿಯಾದ ಹಗ್ಗ ಹಿಡಿದಂತೆ. ಅದಕ್ಕಿಂತ ಹಿಂದಿನದಕ್ಕೆ ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆಯಬೇಕು.

ತಾಮ್ರಪಟದ ಮಾತು ಬಂತಲ್ಲ, ಅದು ಕಲ್ಲಿಗಿಂತ ಹೇಗೆ ಬೇರೆ ಎಂದು ಹೇಳಬೇಕು. ಕಲ್ಲಿನ ಶಾಸನ ಊರೆಲ್ಲ ನೋಡಲೆಂದು ಗುಡಿಯ ಮುಂದೋ ಕೆರೆಯ ಏರಿಯ ಮೇಲೋ ನಿಲ್ಲುತ್ತದೆ. ತಾಮ್ರಪಟ ದಾನ ಪಡೆದವನ ಮನೆಯ ಕಾಗದ. ಸಾಮಾನ್ಯವಾಗಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡೋ ಮೂರೋ ಹಲಗೆಗಳು. ಒಂದು ಬದಿಗೆ ತೂತು. ಆ ತೂತಿನಲ್ಲಿ ತೂರಿಸಿದ ಉಂಗುರ. ಉಂಗುರದ ಬೆಸುಗೆಯ ಮೇಲೆ ಅರಸನ ಮುದ್ರೆ. ಮೊದಲ ಹಲಗೆಯ ಹೊರಮೈಯನ್ನೂ ಕೊನೆಯದರ ಹೊರಮೈಯನ್ನೂ ಹೆಚ್ಚಾಗಿ ಖಾಲಿ ಬಿಡುತ್ತಿದ್ದರು, ಅಕ್ಷರ ಸವೆಯಬಾರದೆಂದು. ಅದರಲ್ಲಿ ಕೊಟ್ಟವನಾರು, ಪಡೆದವನಾರು, ಯಾವ ಊರ ಹೊಲ, ಎಷ್ಟು ನಿವರ್ತನ, ಕೆಡಿಸಿದವನಿಗೆ ಯಾವ ಪಾಪ ಎಂದು ಇರುತ್ತದೆ. ಇಂದು ನಾವು ಉತಾರ, ಚೆಕ್ಕುಬಂದಿ, ಖರೀದಿ ಪತ್ರ ಎನ್ನುವುದೆಲ್ಲ ಒಂದೇ ಕಡೆ ಸೇರಿದಂತೆ. ಹೊಲದ ಕಾಗದವಾದ್ದರಿಂದಲೇ ಅದರಲ್ಲಿ ಕಥೆ ಕಡಿಮೆ, ವ್ಯವಹಾರ ಹೆಚ್ಚು.

ಇಂಥ ತಾಮ್ರಪಟಗಳು ನಮ್ಮ ಜಿಲ್ಲೆಯಲ್ಲೇ ಸಿಕ್ಕಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಜಿಲ್ಲಾಧಿಕಾರಿಗಳ ಕಚೇರಿಗೆಂದು ನಾವೆಲ್ಲ ಹೋಗಿಬರುವ ಹಾವೇರಿಯ ದೇವಗಿರಿಯೇ ಆ ಊರು. ಅದು ಕರ್ಜಗಿ ತಾಲ್ಲೂಕಿನಲ್ಲಿದ್ದ ಕಾಲದಲ್ಲಿ ಅಲ್ಲಿ ಕದಂಬರ ಮೂರು ತಾಮ್ರಪಟಗಳು ಸಿಕ್ಕವು. ಜೆ. ಎಫ್. ಫ್ಲೀಟ್ ಅವರು 1878ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವನ್ನು ಪ್ರಕಟಿಸಿದರು. ಎರಡು ಮೃಗೇಶವರ್ಮನವು, ಒಂದು ಯುವರಾಜ ದೇವವರ್ಮನದು. ಮೃಗೇಶ, ತಾಳಗುಂದದ ಕಂಬವನ್ನು ಬರೆಸಿದ ಶಾಂತಿವರ್ಮನ ಮಗ. ಹೀಗೆ ಶಿಕಾರಿಪುರದ ಕಲ್ಲಿಗೂ ನಮ್ಮ ದೇವಗಿರಿಯ ತಾಮ್ರಕ್ಕೂ ತಂದೆ-ಮಗನ ನಂಟು.

ಮೃಗೇಶನ ಮೂರನೆಯ ವರ್ಷದ ಪಟದಲ್ಲಿ ಜಿನಾಲಯದ ಪೂಜೆಗೆ, ಸ್ವಚ್ಛಗೊಳಿಸುವುದಕ್ಕೆ, ಮುರಿದದ್ದನ್ನು ದುರಸ್ತಿ ಮಾಡುವುದಕ್ಕೆ ಎರೆಹೊಲ ಕೊಟ್ಟಿದ್ದಾನೆ. ಕರಿಯ ಮಣ್ಣಿನ ನೆಲವೆಂದೇ ಅದರಲ್ಲಿ ಬರೆದಿದೆ. ನಾಲ್ಕನೆಯ ವರ್ಷದ ಪಟ ಇನ್ನೂ ದೊಡ್ಡ ಸಾಕ್ಷಿ. ಕಾಲವಂಗವೆಂಬ ಗ್ರಾಮವನ್ನು ಮೂರು ಪಾಲು ಮಾಡಿ ಒಂದು ಪಾಲನ್ನು ಅರ್ಹಂತ ದೇವರಿಗೆ, ಒಂದು ಪಾಲನ್ನು ಶ್ವೇತಪಟ ಶ್ರಮಣರ ಸಂಘಕ್ಕೆ, ಒಂದು ಪಾಲನ್ನು ನಿರ್ಗ್ರಂಥ ಶ್ರಮಣರ ಸಂಘಕ್ಕೆ ಕೊಟ್ಟಿದ್ದಾನೆ. ಬಿಳಿ ಬಟ್ಟೆ ಉಡುವ ಶ್ವೇತಾಂಬರರೂ ಬಟ್ಟೆ ತೊರೆದ ದಿಗಂಬರರೂ ಐದನೆಯ ಶತಮಾನದಲ್ಲಿ ನಮ್ಮ ನಾಡಿನಲ್ಲಿ ಬೇರೆ ಬೇರೆ ಸಂಘಗಳಾಗಿದ್ದರು, ಆದರೂ ಒಂದೇ ಗ್ರಾಮದ ಆದಾಯವನ್ನು ಹಂಚಿಕೊಂಡರು. ದೇವವರ್ಮನ ಪಟದಲ್ಲಿ ಮೂರನೆಯ ಪಂಗಡವಾದ ಯಾಪನೀಯರಿಗೆ ದಾನವಿದೆ. ಕದಂಬರು ವೈದಿಕ ಮನೆತನದವರು, ಅಶ್ವಮೇಧ ಮಾಡಿದೆವೆಂದು ಹೇಳಿಕೊಂಡವರು. ಅವರ ಆಳ್ವಿಕೆಯಲ್ಲಿ ಯಾರಿಗೆಲ್ಲ ನೆಲೆ ಇತ್ತು ಎಂದು ತಿಳಿಸುವುದು ಅವರ ಹೊಗಳಿಕೆಯ ಸಾಲುಗಳಲ್ಲ, ಹೊಲ ಹಂಚಿದ ಈ ಸಾಲುಗಳು. ಪಾಲು ತಪ್ಪಾಗಿ ಬರೆದಿದ್ದರೆ ಮರುದಿನವೇ ತಕರಾರು ಬರುತ್ತಿತ್ತು. ಆದ್ದರಿಂದ ಅಲ್ಲಿ ಸುಳ್ಳಿಗೆ ಜಾಗ ಕಡಿಮೆ.

ಹಾಗೆಂದು ತಾಮ್ರಪಟವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹೊಲದ ಕಾಗದವಿರುವಲ್ಲಿ ಖೊಟ್ಟಿ ಕಾಗದವೂ ಇರುತ್ತದೆ. ಕೊಡಗಿನ ಮಡಿಕೇರಿಯಲ್ಲಿ ಸಿಕ್ಕ ಗಂಗರ ತಾಮ್ರಪಟ ಇದಕ್ಕೆ ಹೆಸರಾದ ಉದಾಹರಣೆ. ಗಂಗ ಅರಸ ಅವಿನೀತನ ಕಾಲದ್ದೆಂದು ಅದು ಹೇಳಿಕೊಳ್ಳುತ್ತದೆ. ವರ್ಷ 388 ಎಂದಿದೆ. ಶಕವೆಂದು ತಿಳಿದರೆ ಕ್ರಿ.ಶ. 466. ತಳವನನಗರದ ಜಿನಾಲಯಕ್ಕೆ ಬದನೆಗುಪ್ಪೆ ಗ್ರಾಮವನ್ನು ಕೊಟ್ಟ ದಾಖಲೆ. ಆದರೆ ಅಕ್ಷರಗಳನ್ನು ನೋಡಿದವರಿಗೆ ಅನುಮಾನ ಬಂತು. ಅಕ್ಷರದ ಆಕಾರ ಕಾಲಕಾಲಕ್ಕೆ ಬದಲಾಗುತ್ತದೆ. ಅಜ್ಜನ ಕೈಬರಹ, ಮೊಮ್ಮಗನ ಕೈಬರಹ ಬೇರೆಯಾದಂತೆ. ಈ ಪಟದ ಅಕ್ಷರಗಳು ಐದನೆಯ ಶತಮಾನದವಲ್ಲ, ಹಲವು ಶತಮಾನ ಈಚಿನವು. ಎರಡನೆಯ ಸುಳಿವು, ಅದರಲ್ಲಿ ಅಕಾಲವರ್ಷನೆಂಬ ಅರಸನ ಮಂತ್ರಿಯ ಮಾತು ಬರುತ್ತದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟರ ಬಿರುದು. ಆ ಮನೆತನ ಎದ್ದದ್ದು ಎಂಟನೆಯ ಶತಮಾನದಲ್ಲಿ. ಇಂದಿರಾಗಾಂಧಿಯವರ ಹೆಸರಿರುವ ಕಾಗದವನ್ನು ಟಿಪ್ಪುವಿನ ಕಾಲದ್ದೆಂದು ತಂದರೆ ನಾವು ನಂಬುತ್ತೇವೆಯೆ?

ಆದರೆ ಇಲ್ಲೂ ಅವಸರ ಮಾಡಬಾರದು. ಬೆಂಕಿಗೋ ಕಳ್ಳತನಕ್ಕೋ ಮೂಲ ಪಟ ಹೋದಾಗ ನೆನಪಿನಿಂದ ಹೊಸದು ಮಾಡಿಸಿದ್ದಿರಬಹುದು. ಇಲ್ಲವೆ ಇಲ್ಲದ ಹಕ್ಕನ್ನು ಸಾಧಿಸಲು ಹುಟ್ಟಿಸಿದ್ದಿರಬಹುದು. ಯಾವುದೇ ಆಗಲಿ, ಐದನೆಯ ಶತಮಾನಕ್ಕೆ ಅದು ದುರ್ಬಲ ಸಾಕ್ಷಿ. ಆದರೆ ಅದನ್ನು ಮಾಡಿಸಿದ ಕಾಲಕ್ಕೆ ಗಟ್ಟಿ ಸಾಕ್ಷಿ: ಆ ಗ್ರಾಮದ ಮೇಲೆ ಆಗ ಯಾರಿಗೋ ಹಕ್ಕು ಸ್ಥಾಪಿಸಬೇಕಿತ್ತು, ಅವಿನೀತನ ಹೆಸರು ಹೇಳಿದರೆ ಜನ ಒಪ್ಪುತ್ತಾರೆಂಬ ನಂಬಿಕೆಯೂ ಇತ್ತು. ಖೊಟ್ಟಿ ಕಾಗದವೂ ತನ್ನ ಕಾಲದ ಬಗ್ಗೆ ನಿಜ ಹೇಳುತ್ತದೆ.

ಇದೇ ಮಾತು ನಮ್ಮ ಹೊಳೆಯ ದಂಡೆಗೂ ಸಲ್ಲುತ್ತದೆ. ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಚೌಡದಾನಪುರದ ಮುಕ್ತೇಶ್ವರ ಗುಡಿಯ ಶಾಸನಗಳು ಗುತ್ತಲದ ಗುತ್ತ ಅರಸರವು, ಹನ್ನೆರಡು ಹದಿಮೂರನೆಯ ಶತಮಾನದವು. ಆ ಗುತ್ತರು ತಾವು ಉಜ್ಜಯಿನಿಯ ವಿಕ್ರಮಾದಿತ್ಯನ, ಚಂದ್ರಗುಪ್ತನ ವಂಶದವರೆಂದು ಬರೆಸಿಕೊಂಡರು. ಹೆಸರಿನಲ್ಲಿ ಹೋಲಿಕೆ ಇದೆ. ನಡುವಿನ ಏಳೆಂಟು ನೂರು ವರ್ಷಕ್ಕೆ ಪುರಾವೆಯಿಲ್ಲ. ಉತ್ತರದ ಗುಪ್ತರು ಗುತ್ತಲಕ್ಕೆ ಬಂದರೆಂದು ಇದರಿಂದ ಸಾಬೀತಾಗುವುದಿಲ್ಲ. ತುಂಗಭದ್ರೆಯ ದಂಡೆಯ ಒಬ್ಬ ಮಾಂಡಲಿಕನಿಗೆ ಆ ಹೆಸರು ದೊಡ್ಡದಾಗಿ ಕಂಡಿತ್ತೆಂಬುದು ಸಾಬೀತಾಗುತ್ತದೆ. ಮಯೂರಶರ್ಮನ ಕಥೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ನಮ್ಮವನೆಂಬ ಅಭಿಮಾನಕ್ಕೆ ಬೇರೆ ತಕ್ಕಡಿ ಇಲ್ಲ.

ಇನ್ನು ಓದುವ ಕಷ್ಟ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮನದೇ ಆದ ಚಿಕ್ಕ ಪ್ರಾಕೃತ ಶಾಸನವಿದೆ. ಅವನ ಸ್ವಂತ ಕಾಲದ್ದಾದ್ದರಿಂದ ತಾಳಗುಂದಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ಅವನು ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಮೊದಲು ಓದಿದಾಗ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಮೊದಲಾದವರ ದೊಡ್ಡ ಪಟ್ಟಿ ಕಂಡಿತು. ಮಯೂರಶರ್ಮ ಇವರೆಲ್ಲರನ್ನೂ ಗೆದ್ದನೆಂದು ಪುಸ್ತಕಗಳು ಬರೆದವು. ಆಮೇಲೆ ಅದೇ ಸವೆದ ಬಂಡೆಯನ್ನು ಮತ್ತೆ ನೋಡಿದ ವಿದ್ವಾಂಸರು ಆ ಓದನ್ನು ಪೂರ್ತಿ ಒಪ್ಪಲಿಲ್ಲ. ಸವೆದ ಅಕ್ಷರದ ಮೇಲೆ ನಿಂತ ದಿಗ್ವಿಜಯ ಅಕ್ಷರದೊಡನೆ ಅಲುಗಾಡುತ್ತದೆ. ಕೆರೆಯ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಅಜ್ಜನೂ ಕೆರೆ ಕಟ್ಟಿಸಿದ, ಮರಿಮಗನೂ ಕೆರೆ ಕಟ್ಟಿಸಿದ. ಕದಂಬರ ಬಗ್ಗೆ ನಾನು ಇಂದು ಒಂದೇ ಮಾತು ಗಟ್ಟಿಯಾಗಿ ಹೇಳಬೇಕೆಂದರೆ ಹೇಳುವುದು ಅದನ್ನೇ.

ಓದಿನ ಕಷ್ಟಕ್ಕೆ ನಾವೂ ಕೈ ಸೇರಿಸುವುದುಂಟು. ಶಾಸನವನ್ನು ಓದುವವರು ಕಲ್ಲನ್ನು ಮೆದು ಬ್ರಷ್ಷಿನಿಂದ ನೀರು ಹಾಕಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿಯ ಉಂಡೆ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಗುಳಿ ಬೆಳ್ಳಗೆ, ಉಬ್ಬು ಕಪ್ಪಗೆ ಕಾಣುತ್ತದೆ. ನಾವು ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿಗೆ ಎಣ್ಣೆಬಣ್ಣ ಬಳಿದರೆ ಆ ಗುಳಿಯೇ ತುಂಬಿಹೋಗುತ್ತದೆ. ಅಕ್ಷರ ಕಾಣಲೆಂದು ಮೊಳೆಯಿಂದ ಕೆರೆದರೆ ಹೊಸ ಗೆರೆ ಹುಟ್ಟಿ, ಇಲ್ಲದ ಅಕ್ಷರ ಬರುತ್ತದೆ. ಕಲ್ಲನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಅದು ಯಾವ ಹೊಲದ, ಯಾವ ಕೆರೆಯ ಸಾಕ್ಷಿ ಎಂಬುದೇ ಕಳೆದುಹೋಗುತ್ತದೆ.

ಆ ಹುಡುಗ ಈಗ ಭೂಮಾಪಕನಾಗಿದ್ದಾನೆ. ಹೋದ ವರ್ಷ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕು ಕಾಲಿಗೆ ನಮಸ್ಕರಿಸಿದ. ನಾನು ಅವನ ಪ್ರಶ್ನೆಯನ್ನು ನೆನಪಿಸಿ, "ಕಲ್ಲಾಗ ಬರದಿಲ್ಲಪ್ಪ, ಅದು ಲೆಕ್ಕ ಹಾಕಿದ್ದು" ಎಂದೆ. ಅವನಿಗೆ ಪ್ರಶ್ನೆಯೇ ಮರೆತಿತ್ತು. ಲೆಕ್ಕವನ್ನು ವಿವರಿಸಿದಾಗ ನಕ್ಕು, "ನಮ್ಮಲ್ಲೂ ಹಂಗ ರೀ ಸರ. ಉತಾರದಾಗ ಹೆಸರು ಐತಿ ಅಂದ್ರ ಸಾಲಂಗಿಲ್ಲ. ಹೆಸರು ಯಾವಾಗ ಏರಿತು, ಯಾರು ಏರಿಸಿದ್ರು, ಬಾಂದಗಲ್ಲು ಎಲ್ಲೈತಿ, ಎಲ್ಲ ನೋಡ್ಬೇಕು" ಎಂದ. ನಾನು ಇಷ್ಟು ಪುಟಗಳಲ್ಲಿ ಹೇಳಿದ್ದನ್ನು ಅವನು ಎರಡು ಮಾತಿನಲ್ಲಿ ಹೇಳಿದ್ದ.

ಈ ಸ್ಮರಣ ಸಂಚಿಕೆಯೂ ಒಂದು ಬಗೆಯ ಪ್ರಶಸ್ತಿಯೇ. ನಮ್ಮವರನ್ನು ನಾವೇ ಹೊಗಳಿ, ಐವತ್ತು ವರ್ಷದ ಹಿಂದಿನ ಕಥೆಯನ್ನು ಇಂದು ಬರೆಯುತ್ತಿದ್ದೇವೆ. ಮುಂದೆ ಯಾರಾದರೂ ಇದನ್ನು ಪುರಾವೆಯಾಗಿ ಓದಿದರೆ, ಮೊದಲ ಪುಟಗಳ ಸಂದೇಶಗಳಿಗಿಂತ ಶಾಲೆಯ ಹಾಜರಿ ಪುಸ್ತಕವನ್ನು ಹೆಚ್ಚು ನಂಬಬೇಕೆಂದು ಅವರಿಗೆ ಹೇಳುತ್ತೇನೆ. ನಾನು ಬರೆದದ್ದರಲ್ಲಿಯೂ ಕಥೆ ಎಷ್ಟು, ಹೊಗಳಿಕೆ ಎಷ್ಟು, ಸಾಕ್ಷಿ ಎಷ್ಟು ಎಂದು ಅವರು ತೂಗಿ ನೋಡಲಿ. ನನ್ನ ವಿದ್ಯಾರ್ಥಿಗಳಾಗಿ 345ನ್ನು ಬಾಯಿಪಾಠ ಮಾಡಿದ ನೀವೆಲ್ಲರೂ ಅದರ ಹಿಂದೆ 'ಸುಮಾರು' ಎಂದು ಸೇರಿಸಿಕೊಳ್ಳಿ. ಅದು ನನ್ನ ಬಾಕಿ.